ವಾರದ ಬಟವಾಡೆ: ದಿನಗೂಲಿ, ಸಂಬಳಸಹಿತ ರಜೆ ಮತ್ತು ಹಾಜರಿಯ ಷರತ್ತು

ಕಟ್ಟಡ ಕೆಲಸದಲ್ಲಿ ಕೂಲಿ ಗೊತ್ತಾಗುವುದು ದಿನದ ಲೆಕ್ಕದಲ್ಲಿ, ಕೈಗೆ ಬರುವುದು ವಾರದ ಲೆಕ್ಕದಲ್ಲಿ. ಶನಿವಾರ ಸಂಜೆಯೋ ಸಂತೆಯ ಹಿಂದಿನ ದಿನವೋ ಮೇಸ್ತ್ರಿ ಹಾಜರಿ ಪುಸ್ತಕ ತೆರೆದು, ಆಳಿನ ಹೆಸರಿನ ಎದುರಿಗಿರುವ ಗೀಟುಗಳನ್ನು ಎಣಿಸಿ, ಕೊಟ್ಟ ಮುಂಗಡ ಕಳೆದು ಉಳಿದದ್ದನ್ನು ಕೊಡುತ್ತಾನೆ. ಇದೇ ಬಟವಾಡೆ. ಕೆಲವು ಕಡೆ ಈ ಲೆಕ್ಕಕ್ಕೆ ಇನ್ನೊಂದು ಅಂಶ ಸೇರುತ್ತದೆ: ಆರು ದಿನವೂ ತಪ್ಪದೆ ಬಂದವರಿಗೆ ಏಳನೆಯ ದಿನದ ರಜೆಗೂ ಕೂಲಿ, ಒಂದು ದಿನ ತಪ್ಪಿದರೆ ಅದು ಇಲ್ಲ. ಕೇಳಿದವರಿಗೆ ಇದು ಮಾಲೀಕ ಮೇಲಿಂದ ಕೊಡುವ ಬಹುಮಾನದಂತೆ ಕಾಣುತ್ತದೆ. ಲೆಕ್ಕ ಹಾಕಿದರೆ ಬೇರೆಯೇ ತೋರುತ್ತದೆ. ರಜೆಯ ಕೂಲಿ ಆರು ದಿನಗಳ ದುಡಿಮೆಯಲ್ಲೇ ಸ್ವಲ್ಪಸ್ವಲ್ಪವಾಗಿ ಗಳಿಸಿದ ಹಣ. ಅದರ ಮೇಲೆ ಹಾಕಿದ ಹಾಜರಿಯ ಷರತ್ತು ಹಲವು ವೇಳೆ ಹೆಸರಿಲ್ಲದ ದಂಡದಂತೆ ಕೆಲಸ ಮಾಡುತ್ತದೆ.

ಒಂದು ಉದಾಹರಣೆ ನೋಡೋಣ. ಒಬ್ಬ ಗಾರೆ ಆಳಿಗೆ ದಿನಕ್ಕೆ 600 ರೂಪಾಯಿ, ಜೊತೆಗೆ ಷರತ್ತಿನ ಮೇಲೆ ವಾರದ ರಜೆಗೂ ಕೂಲಿ ಎಂದಿಟ್ಟುಕೊಳ್ಳಿ. ಪಕ್ಕದ ಕಟ್ಟಡದಲ್ಲಿ ರಜೆಗೆ ಕೂಲಿಯಿಲ್ಲ, ಆದರೆ ದಿನಕ್ಕೆ 700 ರೂಪಾಯಿ. ಆರು ದಿನ ದುಡಿದವನಿಗೆ ಎರಡೂ ಒಂದೇ: ಇಲ್ಲಿ ಏಳು ಆರುನೂರು, ಅಲ್ಲಿ ಆರು ಏಳುನೂರು, ಎರಡೂ 4,200. ಈಗ ಬುಧವಾರ ಮಗುವಿಗೆ ಜ್ವರವೆಂದು ಅವನು ಬರಲಿಲ್ಲ. ಪಕ್ಕದ ಕಟ್ಟಡದಲ್ಲಾಗಿದ್ದರೆ ಅವನಿಗೆ 3,500 ಸಿಗುತ್ತಿತ್ತು. ಇಲ್ಲಿ ಸಿಗುವುದು 3,000. ತಪ್ಪಿದ್ದು ಒಂದು ದಿನ, ಹೋದದ್ದು ಎರಡು ದಿನದ ಕೂಲಿ. ಅರ್ಧ ದಿನದ ಲೆಕ್ಕ ಇನ್ನೂ ವಿಚಿತ್ರ. ಮಧ್ಯಾಹ್ನದ ಊಟದ ನಂತರ ಒಂದು ದಿನ ಬಾರದಿದ್ದರೆ ಐದೂವರೆ ಆಳಿನ 3,300 ಮಾತ್ರ ಕೈಗೆ ಬರುತ್ತದೆ. ಅರ್ಧ ದಿನದ ಗೈರಿಗೆ 900 ರೂಪಾಯಿ, ಅಂದರೆ ಒಂದೂವರೆ ದಿನದ ಕೂಲಿ ಹೋಯಿತು. ರಜೆಯ 600 ರೂಪಾಯಿಯನ್ನು ಆರು ದಿನಕ್ಕೆ ಹಂಚಿದರೆ ದಿನಕ್ಕೆ ನೂರು ರೂಪಾಯಿ. ಐದು ದಿನ ಬಂದವನು ಆ ನೂರನ್ನು ಐದು ಸಲ ಗಳಿಸಿದ್ದಾನೆ. ಷರತ್ತು ಅವನಿಂದ ಕಿತ್ತುಕೊಳ್ಳುವುದು ಈ ಐನೂರನ್ನೇ, ಅಂದರೆ ಬಂದ ದಿನಗಳ ಗಳಿಕೆಯನ್ನು. ಬಾರದ ದಿನದ ಕೂಲಿಯಂತೂ ಹೇಗೂ ಹೋಗಿದೆ.

ಇದಕ್ಕೆ ಮೊದಲ ಆಕ್ಷೇಪ ಕಾನೂನಿನ ಕಡೆಯಿಂದಲೇ ಬರುತ್ತದೆ. 1948ರ ಕನಿಷ್ಠ ವೇತನ ಕಾಯ್ದೆಯ 13ನೆಯ ಕಲಮು, ಏಳು ದಿನಕ್ಕೊಂದು ವಿಶ್ರಾಂತಿಯ ದಿನವನ್ನೂ ಅದಕ್ಕೆ ಸಂಭಾವನೆಯನ್ನೂ ಗೊತ್ತುಮಾಡುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. ಆ ಕಾಯ್ದೆಯಡಿ ರಚಿಸಿದ 1950ರ ಕೇಂದ್ರ ನಿಯಮಗಳ 23ನೆಯ ನಿಯಮ, ಒಬ್ಬನೇ ಮಾಲೀಕನ ಕೈಕೆಳಗೆ ಸತತ ಆರು ದಿನಕ್ಕೆ ಕಡಿಮೆಯಿಲ್ಲದಂತೆ ದುಡಿದವರಿಗೆ ವಿಶ್ರಾಂತಿ ದಿನ ಎಂದಿತು. ಆ ದಿನದ ಕೂಲಿ ಅದರ ಹಿಂದಿನ ದಿನದ ದರದಲ್ಲಿ. ಕಟ್ಟಡ ಕಾರ್ಮಿಕರ 1996ರ ಕಾಯ್ದೆಯ 28ನೆಯ ಕಲಮು ಇದೇ ವಿಶ್ರಾಂತಿಯ ಮಾತನ್ನು ಮತ್ತೆ ಎತ್ತಿಕೊಂಡಿತು. 2019ರ ವೇತನ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದು ಕನಿಷ್ಠ ವೇತನ ಕಾಯ್ದೆಯ ಜಾಗದಲ್ಲಿ ಕೂತಾಗಲೂ, ವಿಶ್ರಾಂತಿ ದಿನ ಮತ್ತು ಅದರ ಸಂಭಾವನೆಯ ಮಾತು ಉಳಿದುಕೊಂಡಿತು. ಹಾಗಾದರೆ ಆರು ದಿನದ ಷರತ್ತನ್ನು ಮೇಸ್ತ್ರಿ ಹುಟ್ಟಿಸಿದ್ದಲ್ಲ, ನಿಯಮದಲ್ಲೇ ಇತ್ತಲ್ಲ ಎಂದು ಕೇಳಬಹುದು. ಇತ್ತು, ನಿಜ. ಆದರೆ ಷರತ್ತಿನ ಬೆನ್ನಿಗೇ ಒಂದು ವಿವರಣೆಯೂ ಇತ್ತು. ಕೆಲಸಕ್ಕೆ ಬರಹೇಳಿ, ಕೆಲಸ ಕೊಡದೆ ಬರೀ ಹಾಜರಿ ಭತ್ಯೆ ಕೊಟ್ಟು ಕಳಿಸಿದ ದಿನ, ಪರಿಹಾರ ಕೊಟ್ಟು ಕೆಲಸ ನಿಲ್ಲಿಸಿದ ದಿನ, ಮತ್ತು ಮಾಲೀಕ ಒಪ್ಪಿ ಕೊಟ್ಟ ರಜೆಯ ದಿನ, ಆ ರಜೆಗೆ ಕೂಲಿ ಇರಲಿ ಇಲ್ಲದಿರಲಿ, ಇವೆಲ್ಲವನ್ನೂ ದುಡಿದ ದಿನವೆಂದೇ ಎಣಿಸಬೇಕು ಎಂದು ಅದು ಹೇಳಿತು. ಹೇಳಿ ಹೋದ ರಜೆಯಿಂದ ಆರು ದಿನದ ಸರಪಳಿ ಕಡಿಯುವುದಿಲ್ಲ. ಹೇಳದೆ ಕೇಳದೆ ಹಾಕಿದ ಚಕ್ಕರಿನಿಂದ ಮಾತ್ರ ಕಡಿಯುತ್ತದೆ.

ಕಟ್ಟಡದ ಜಾಗದಲ್ಲಿ ಈ ವ್ಯತ್ಯಾಸ ಅಳಿಸಿಹೋಗುವುದು ಹಾಜರಿ ಪುಸ್ತಕದಲ್ಲಿ. ಬಂದವರಿಗೆ ಗೀಟು, ಬಾರದವರಿಗೆ ಸೊನ್ನೆ, ಅರ್ಧ ದಿನಕ್ಕೆ ಅರ್ಧ ಗೀಟು ಹಾಕುವ ಪುಸ್ತಕದಲ್ಲಿ ಕೇಳಿ ಪಡೆದ ರಜೆಗೆ ಗುರುತೇ ಇರುವುದಿಲ್ಲ. ಸಿಮೆಂಟು ಬಾರದೆ ಕೆಲಸ ನಿಂತ ದಿನವೂ ಅಲ್ಲಿ ಸೊನ್ನೆಯೇ. ಬೆಳಿಗ್ಗೆ ಎಂಟಕ್ಕೆ ಬಂದು, ಮಳೆಯೆಂದು ಹತ್ತಕ್ಕೆ ವಾಪಸಾದ ದಿನವೂ ಸೊನ್ನೆಯೇ. ವಾರದ ಕೊನೆಗೆ ಸೊನ್ನೆ ಕಂಡವನು ರಜೆಯ ಕೂಲಿ ಹೊಡೆಯುತ್ತಾನೆ. ಆ ಸೊನ್ನೆ ಯಾರ ಕಾರಣದಿಂದ ಬಿತ್ತು ಎಂದು ಪುಸ್ತಕ ಹೇಳುವುದಿಲ್ಲ. ಈ ತಕರಾರುಗಳಲ್ಲಿ ಬಹುಪಾಲು ಹುಟ್ಟುವುದು ಕಾನೂನಿನ ಸೂಕ್ಷ್ಮದಿಂದಲ್ಲ, ಗುರುತಿನ ಬಡತನದಿಂದ ಎನ್ನಬೇಕು. ರಜೆಗೊಂದು, ಕೆಲಸ ನಿಂತದ್ದಕ್ಕೊಂದು ಬೇರೆ ಗುರುತು ಇದ್ದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಇನ್ನೂ ಬಿಗಿಯಾದ ಗಂಟು ದರದ ಒಳಗಿದೆ. ಅದೇ 23ನೆಯ ನಿಯಮಕ್ಕೆ ಒಂದು ಪರಂತುಕವಿತ್ತು: ತಿಂಗಳ ಕನಿಷ್ಠ ವೇತನವನ್ನು 26ರಿಂದ ಭಾಗಿಸಿ ದಿನದ ದರ ತೆಗೆದಿದ್ದರೆ ವಿಶ್ರಾಂತಿ ದಿನಕ್ಕೆ ಪ್ರತ್ಯೇಕ ಕೂಲಿ ಇಲ್ಲ. ಕಾರಣ ಸರಳ. ಮೂವತ್ತು ದಿನದ ವೇತನವನ್ನು ಇಪ್ಪತ್ತಾರು ದಿನಕ್ಕೆ ಹಂಚಿದಾಗ ನಾಲ್ಕು ಭಾನುವಾರದ ಕೂಲಿ ಆ ಇಪ್ಪತ್ತಾರರೊಳಗೇ ಸೇರಿಹೋಗಿರುತ್ತದೆ. ಕೇಂದ್ರ ಸರ್ಕಾರ 2017ರ ಜನವರಿಯಲ್ಲಿ ಕಟ್ಟಡ ಕೆಲಸಕ್ಕೆ ದರ ಗೊತ್ತುಮಾಡಿದಾಗ, ಕುಶಲವಲ್ಲದ ಆಳಿಗೆ ಊರಿನ ದರ್ಜೆಗೆ ತಕ್ಕಂತೆ 523, 437 ಮತ್ತು 350 ರೂಪಾಯಿ ಎಂದು ಬರೆದು, ಈ ದರಗಳಲ್ಲಿ ವಾರದ ವಿಶ್ರಾಂತಿಯ ಕೂಲಿಯೂ ಸೇರಿದೆ ಎಂದು ವಿವರಣೆ ಕೊಟ್ಟಿತು. ಆದ್ದರಿಂದ ಯಾವುದೇ ಕನಿಷ್ಠ ದರ ನೋಡಿದಾಗ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಇದು ರಜೆ ಸೇರಿದ ದರವೋ, ರಜೆ ಬಿಟ್ಟ ದರವೋ? ಉತ್ತರ ತಪ್ಪಿದರೆ ಮುಂದಿನ ಲೆಕ್ಕವೆಲ್ಲ ತಪ್ಪು.

ನಮ್ಮ ಗಾರೆ ಆಳಿನ ಊರಿನಲ್ಲಿ ರಜೆ ಸೇರಿದ ಕನಿಷ್ಠ ದರ 680 ರೂಪಾಯಿ ಎಂದುಕೊಳ್ಳೋಣ. ತುಂಬಿದ ವಾರದಲ್ಲಿ ಅವನಿಗೆ ಸಿಗುವ 4,200ನ್ನು ಆರರಿಂದ ಭಾಗಿಸಿದರೆ 700. ಮಾಲೀಕ ಕನಿಷ್ಠಕ್ಕಿಂತ ಇಪ್ಪತ್ತು ರೂಪಾಯಿ ಹೆಚ್ಚೇ ಕೊಟ್ಟಂತೆ ಕಾಣುತ್ತದೆ. ಒಂದು ದಿನ ತಪ್ಪಿದ ವಾರದಲ್ಲಿ 3,000ನ್ನು ಐದರಿಂದ ಭಾಗಿಸಿ ನೋಡಿ: 600. ಐದು ದಿನಕ್ಕೆ ಕನಿಷ್ಠವೆಂದರೂ 3,400 ಬರಬೇಕಿತ್ತು. 400 ರೂಪಾಯಿ ಕಡಿಮೆಯಾಯಿತು. ಷರತ್ತಿನ ಪೊಳ್ಳುತನ ಬಯಲಾಗುವುದು ಇಲ್ಲಿ. ಹಾಜರಿಗೆ ಬಹುಮಾನ ಕೊಡುವ ಸ್ವಾತಂತ್ರ್ಯ ಮಾಲೀಕನಿಗೆ ಇದೆ, ಆದರೆ ಅದು ಕನಿಷ್ಠ ಕೂಲಿಯ ಮೇಲಿನ ಹಣದಲ್ಲಿ ಮಾತ್ರ. ಕನಿಷ್ಠದ ಒಂದು ಭಾಗವನ್ನೇ ಬಹುಮಾನವೆಂದು ಹೆಸರು ಬದಲಿಸಿ ಆಮೇಲೆ ಹಿಡಿದುಕೊಳ್ಳುವುದು ಬೇರೆ ಮಾತು. ಒಳ್ಳೆಯ ವಾರದ ಚೀಟಿ ನೋಡಿದರೆ ಇದು ಸಿಕ್ಕಿಬೀಳುವುದಿಲ್ಲ. ಪರೀಕ್ಷಿಸಬೇಕಾದದ್ದು ಹಾಜರಿ ಕಡಿಮೆಯಾದ ವಾರದ ಚೀಟಿ.

ಗುತ್ತಿಗೆದಾರರ ಕಡೆಯ ಮಾತು ಹಗುರವಾದದ್ದೇನಲ್ಲ. ಮೋಲ್ಡ್ ಹಾಕುವ ದಿನ ಮಿಕ್ಸರಿನಿಂದ ಮಾಡಿನವರೆಗೆ ಆಳುಗಳ ಸಾಲು ನಿಲ್ಲಬೇಕು. ಇಬ್ಬರು ಬಾರದಿದ್ದರೆ ಸಾಲು ಕಡಿಯುತ್ತದೆ, ಕಲಸಿದ ಕಾಂಕ್ರೀಟು ಕಾಯುವುದಿಲ್ಲ. ಸೆಂಟ್ರಿಂಗ್ ಹಲಗೆ, ವೈಬ್ರೇಟರು ಬಾಡಿಗೆಗೆ ತಂದದ್ದಾದರೆ ಆ ನಷ್ಟವೂ ಸೇರುತ್ತದೆ. ಹಾಜರಿಗೆ ಒಂದು ಬಿಗಿ ಬೇಡವೇ ಎಂಬ ಪ್ರಶ್ನೆ ನ್ಯಾಯವೇ. ಆದರೆ ಆರು ದಿನದ ಷರತ್ತು ಆ ಬಿಗಿಯನ್ನು ಬೇಕಾದ ಕಡೆ ಕೊಡುವುದಿಲ್ಲ. ಸೋಮವಾರ ಮರಳು ಜರಡಿ ಹಿಡಿಯುವ ಕೆಲಸ ತಪ್ಪಿಸಿದವನಿಗೂ ಶುಕ್ರವಾರ ಮೋಲ್ಡ್ ತಪ್ಪಿಸಿದವನಿಗೂ ಅದು ಒಂದೇ ಬೆಲೆ ಕಟ್ಟುತ್ತದೆ. ಅಷ್ಟೇ ಅಲ್ಲ, ಸೋಮವಾರ ತಪ್ಪಿಸಿದವನ ರಜೆಯ ಕೂಲಿ ಆಗಲೇ ಹೋಗಿದೆ. ಉಳಿದ ವಾರಪೂರ್ತಿ ಅವನಿಗೆ ಇಲ್ಲಿ ದಿನಕ್ಕೆ ಬರೀ 600, ಪಕ್ಕದಲ್ಲಿ 700. ಮಂಗಳವಾರ ಬೆಳಿಗ್ಗೆಯಿಂದ ಅವನನ್ನು ಹಿಡಿದಿಡಲು ಷರತ್ತಿನಲ್ಲಿ ಏನೂ ಉಳಿದಿಲ್ಲ, ಅತ್ತ ಹೋಗಲು ಕಾರಣ ಮಾತ್ರ ಸಿಕ್ಕಿದೆ. ಮೋಲ್ಡ್ ದಿನಕ್ಕೆಂದೇ ನೂರೋ ಇನ್ನೂರೋ ಬೇರೆ ಕೊಟ್ಟರೆ ಮಾಲೀಕನಿಗೆ ಬೇಕಾದ ದಿನ ಆಳು ಸಿಗುತ್ತಾನೆ, ರಜೆಯ ಕೂಲಿಗೂ ಕೈ ಹಾಕಬೇಕಾಗುವುದಿಲ್ಲ.

ಹಾಗಾದರೆ ರಜೆಯ ಕೂಲಿಯನ್ನು ದಿನದ ದರದಲ್ಲೇ ಸೇರಿಸಿ 700 ಕೊಟ್ಟು ಕೈ ತೊಳೆದುಕೊಳ್ಳಬಹುದಲ್ಲ ಎಂಬುದು ಮೂರನೆಯ ಮಾತು. ಲೆಕ್ಕಕ್ಕೆ ಇದು ಸರಿ, ಬದುಕಿಗೆ ಅಷ್ಟು ಸರಿಯಲ್ಲ. ರಜೆಗೆ ಬೇರೆ ಕೂಲಿ ಕಾಣದಾದಾಗ ಭಾನುವಾರ ಮನೆಯಲ್ಲಿ ಕೂತವನಿಗೆ ಆ ದಿನ 700 ರೂಪಾಯಿ ನಷ್ಟವೆಂದೇ ತೋರುತ್ತದೆ. ಅವನು ಏಳನೆಯ ದಿನವೂ ಕರಣೆ ಹಿಡಿಯುತ್ತಾನೆ. ಬದಲಿ ರಜೆ ಕೊಟ್ಟರೂ ಸತತ ಹತ್ತು ದಿನಕ್ಕಿಂತ ಹೆಚ್ಚು ದುಡಿಸಬಾರದು ಎಂದು 1950ರ ನಿಯಮ ಗೆರೆ ಎಳೆದಿದ್ದು ಇಂಥ ಒತ್ತಡವಿದೆ ಎಂದೇ. ಕೂಲಿ ಕೊಟ್ಟ ರಜೆಗೆ ಇನ್ನೊಂದು ಬೆಲೆಯೂ ಇದೆ. ಅಮೆರಿಕನ್ ಎಕ್ಸ್‌ಪ್ರೆಸ್ ನೌಕರರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1985ರಲ್ಲಿ, ವರ್ಷದ ನಿರಂತರ ಸೇವೆಗೆ ಬೇಕಾದ 240 ದಿನ ಎಣಿಸುವಾಗ ಕೂಲಿ ಸಂದ ಭಾನುವಾರ ಮತ್ತು ರಜಾದಿನಗಳನ್ನೂ ಸೇರಿಸಬೇಕು ಎಂದಿತು. ಕೆಲಸದಿಂದ ತೆಗೆದಾಗಿನ ಪರಿಹಾರ ಈ ಎಣಿಕೆಯ ಮೇಲೆ ನಿಲ್ಲುವುದರಿಂದ, ಚೀಟಿಯಲ್ಲಿ ರಜೆಯ ಕೂಲಿ ಬೇರೆ ಸಾಲಾಗಿ ಕಾಣುವುದು ಆಳಿಗೆ ಲಾಭ. ಇವೆರಡನ್ನೂ ಉಳಿಸಿಕೊಳ್ಳುವ ದಾರಿಯೆಂದರೆ ಪ್ರಮಾಣದ ಲೆಕ್ಕ: ದುಡಿದ ಪ್ರತಿ ದಿನಕ್ಕೂ ರಜೆಯ ಕೂಲಿಯ ಆರನೆಯ ಒಂದು ಪಾಲು ಜಮೆ. ಐದು ದಿನ ಬಂದವನಿಗೆ 3,000ದ ಜೊತೆಗೆ ರಜೆಯ 500. ನಿಯಮ ಇಷ್ಟನ್ನು ಕಡ್ಡಾಯ ಮಾಡಿರಲಿಲ್ಲ, ಆದರೆ ಇದಕ್ಕಿಂತ ಹೆಚ್ಚು ಕೊಡಬಾರದೆಂದೂ ಹೇಳಿರಲಿಲ್ಲ.

ಅಡ್ಡದಲ್ಲಿ ನಿಂತು ದಿನಕ್ಕೊಬ್ಬ ಮಾಲೀಕನ ಹಿಂದೆ ಹೋಗುವವರಿಗೆ ಈ ಚರ್ಚೆಯೇ ತಾಗುವುದಿಲ್ಲ. ಒಬ್ಬನೇ ಮಾಲೀಕ, ಸತತ ಆರು ದಿನ ಎಂಬುದು ಅವರ ಪಾಲಿಗೆ ದಾಟಲಾಗದ ಹೊಸ್ತಿಲು. ಅವರಿಗೆ ರಜೆ ಸೇರಿದ ದಿನದ ದರವೊಂದೇ ಗತಿ. ವಾರದ ನಡುವೆ ಕೆಲಸ ಬಿಡುವವರದು ಇನ್ನೊಂದು ಬಗೆ. ಗುರುವಾರ ಸಂಜೆ ಊರಿಗೆ ಹೊರಟ ಆಳಿಗೆ ನಾಲ್ಕು ದಿನದ 2,400 ಸಿಗುತ್ತದೆ. ಪ್ರಮಾಣದ ಲೆಕ್ಕದಲ್ಲಾದರೆ ಮೇಲೆ 400 ಸೇರಬೇಕು, ಷರತ್ತಿನ ಲೆಕ್ಕದಲ್ಲಿ ಸೊನ್ನೆ. ಕೆಲಸ ಬಿಟ್ಟವರ ಬಾಕಿಯನ್ನು ಎರಡು ಕೆಲಸದ ದಿನದೊಳಗೆ ತೀರಿಸಬೇಕೆಂದು ವೇತನ ಸಂಹಿತೆ ಹೇಳುತ್ತದೆ. ಆ ಬಾಕಿಯಲ್ಲಿ ಈ ನಾನೂರು ಇದೆಯೋ ಇಲ್ಲವೋ ಎಂಬುದು ಮಾತ್ರ ಕೆಲಸಕ್ಕೆ ಸೇರಿದ ದಿನ ದರದ ಬಗ್ಗೆ ಆಡಿದ ಮಾತಿನ ಮೇಲೆ ನಿಲ್ಲುತ್ತದೆ.