ಚುನಾವಣಾ ಜಾಹೀರಾತುದಾರರ ದೃಢೀಕರಣ ಮತ್ತು ಪ್ರಕಟಣಾ ಘೋಷಣೆ

ಚುನಾವಣಾ ಜಾಹೀರಾತುದಾರರ ದೃಢೀಕರಣ ಮತ್ತು ಪ್ರಕಟಣಾ ಘೋಷಣೆ ಎಂಬುದು ಚುನಾವಣೆ, ರಾಜಕೀಯ ಅಥವಾ ಸಾಮಾಜಿಕ ವಿಷಯ ಕುರಿತ ಜಾಹೀರಾತನ್ನು ಯಾರು ನೀಡುತ್ತಿದ್ದಾರೆ, ಅದರ ಹಣವನ್ನು ಯಾರು ಭರಿಸುತ್ತಿದ್ದಾರೆ ಎಂಬುದನ್ನು ಖಚಿತಪಡಿಸಿ ಸಾರ್ವಜನಿಕರಿಗೆ ತಿಳಿಸುವ ನಿಯಮಗಳ ಒಟ್ಟು ಹೆಸರು. ಭಾರತದಲ್ಲಿ ಈ ನಿಯಮಗಳು ಎರಡು ಮೂಲಗಳಿಂದ ಬರುತ್ತವೆ. ಒಂದು, ಭಾರತದ ಚುನಾವಣಾ ಆಯೋಗ ಮತ್ತು ಪ್ರಜಾಪ್ರಾತಿನಿಧ್ಯ ಕಾಯ್ದೆ, 1951. ಇನ್ನೊಂದು, ಜಾಹೀರಾತು ಪ್ರಸಾರ ಮಾಡುವ ಅಂತರಜಾಲ ಕಂಪನಿಗಳ ನೀತಿ. ಒಂದರ ಅನುಮತಿಯು ಇನ್ನೊಂದರ ಅನುಮತಿಯಾಗುವುದಿಲ್ಲ. ಜಾಹೀರಾತು ಸಂಸ್ಥೆಗಳು ಹೆಚ್ಚಾಗಿ ಎಡವುವುದು ಇಲ್ಲಿಯೇ.

== ಹಿನ್ನೆಲೆ ==

ದೂರದರ್ಶನ ವಾಹಿನಿಗಳ ರಾಜಕೀಯ ಜಾಹೀರಾತುಗಳ ಕುರಿತು ಸರ್ವೋಚ್ಚ ನ್ಯಾಯಾಲಯವು 2004ರ ಏಪ್ರಿಲ್ 13ರಂದು ನೀಡಿದ ಆದೇಶವೇ ಪೂರ್ವ ಪ್ರಮಾಣೀಕರಣದ ತಳಹದಿ. ಇದರ ಪ್ರಕಾರ ಅಂತಹ ಜಾಹೀರಾತನ್ನು ಪ್ರಸಾರಕ್ಕೆ ಮೊದಲೇ ನಿಯೋಜಿತ ಸಮಿತಿ ಪರಿಶೀಲಿಸಿ ಪ್ರಮಾಣಪತ್ರ ನೀಡಬೇಕು. ಜಿಲ್ಲಾ ಮಟ್ಟದಲ್ಲಿ ಈ ಕೆಲಸವನ್ನು ಮಾಧ್ಯಮ ಪ್ರಮಾಣೀಕರಣ ಮತ್ತು ಮೇಲ್ವಿಚಾರಣಾ ಸಮಿತಿ (ಎಂ.ಸಿ.ಎಂ.ಸಿ.) ಮಾಡುತ್ತದೆ. 2013ರ ಅಕ್ಟೋಬರ್ 25ರ ಸೂಚನೆಯ ಮೂಲಕ ಚುನಾವಣಾ ಆಯೋಗವು ಸಾಮಾಜಿಕ ಜಾಲತಾಣಗಳನ್ನೂ ವಿದ್ಯುನ್ಮಾನ ಮಾಧ್ಯಮವೆಂದು ಪರಿಗಣಿಸಿ, ಅವುಗಳಲ್ಲಿನ ರಾಜಕೀಯ ಜಾಹೀರಾತುಗಳಿಗೂ ಈ ನಿಯಮವನ್ನು ವಿಸ್ತರಿಸಿತು.

ವ್ಯಕ್ತಿಯೊಬ್ಬನು ತನ್ನ ಖಾತೆಯಲ್ಲಿ ಹಾಕುವ ಬರಹ, ಚಿತ್ರ ಅಥವಾ ವಿಡಿಯೋ ಜಾಹೀರಾತು ಎನಿಸಿಕೊಳ್ಳುವುದಿಲ್ಲ. ಅದಕ್ಕೆ ಪೂರ್ವ ಪ್ರಮಾಣೀಕರಣ ಬೇಕಿಲ್ಲ. ಅದೇ ಬರಹವನ್ನು ಹಣ ಕೊಟ್ಟು ಹೆಚ್ಚು ಜನರಿಗೆ ತಲುಪಿಸಿದಾಗ ಅದು ಜಾಹೀರಾತಾಗುತ್ತದೆ.

== ಸಮಿತಿಗೆ ಅರ್ಜಿ ==

ನೋಂದಾಯಿತ ಪಕ್ಷ ಮತ್ತು ಅಭ್ಯರ್ಥಿಗಳು ಪ್ರಸಾರ ಆರಂಭಕ್ಕೆ ಕನಿಷ್ಠ 3 ದಿನ ಮೊದಲು, ಇತರರು 7 ದಿನ ಮೊದಲು ಅರ್ಜಿ ಸಲ್ಲಿಸಬೇಕು. ಅರ್ಜಿಯೊಂದಿಗೆ ಜಾಹೀರಾತಿನ ಎರಡು ವಿದ್ಯುನ್ಮಾನ ಪ್ರತಿಗಳನ್ನೂ ದೃಢೀಕರಿಸಿದ ಲಿಖಿತ ಪಠ್ಯವನ್ನೂ ಕೊಡಬೇಕು. ನಿರ್ಮಾಣದ ವೆಚ್ಚ, ಪ್ರಸಾರದ ವೆಚ್ಚ, ಯಾವ ಅಭ್ಯರ್ಥಿ ಅಥವಾ ಪಕ್ಷದ ಹಿತಕ್ಕಾಗಿ ಎಂಬ ಹೇಳಿಕೆ ಮತ್ತು ಹಣವನ್ನು ಚೆಕ್ ಅಥವಾ ಡಿ.ಡಿ. ಮೂಲಕವೇ ಪಾವತಿಸುವ ಹೇಳಿಕೆ ಅದರಲ್ಲಿರಬೇಕು. ಪಕ್ಷವೂ ಅಭ್ಯರ್ಥಿಯೂ ಅಲ್ಲದವರು, ಜಾಹೀರಾತು ಯಾರೊಬ್ಬ ಅಭ್ಯರ್ಥಿಯ ಹಿತಕ್ಕಾಗಿಯೂ ಅಲ್ಲ, ಯಾವ ಪಕ್ಷವೂ ಅದನ್ನು ಪ್ರಾಯೋಜಿಸಿಲ್ಲ ಎಂದು ಪ್ರಮಾಣ ಮಾಡಿ ಹೇಳಬೇಕು.

ಸಮಿತಿ ಪರಿಶೀಲಿಸುವುದು ಸಲ್ಲಿಸಿದ ಪ್ರತಿಯನ್ನು ಮಾತ್ರ. ಪ್ರಮಾಣಪತ್ರ ಬಂದ ಮೇಲೆ ಘೋಷವಾಕ್ಯವನ್ನೋ ಹಿನ್ನೆಲೆ ಧ್ವನಿಯನ್ನೋ ಬದಲಾಯಿಸಿದರೆ, ಪ್ರಸಾರವಾಗುವುದು ಪ್ರಮಾಣೀಕರಿಸದ ಜಾಹೀರಾತೇ ಆಗುತ್ತದೆ. ಆದ್ದರಿಂದ ಪ್ರಮಾಣಪತ್ರದ ಜೊತೆಗೆ ಅನುಮೋದಿತ ಕಡತವನ್ನೂ ಪ್ರತ್ಯೇಕವಾಗಿ ಕಾದಿಡುವುದು ರೂಢಿ.

== ಅಂತರಜಾಲ ಕಂಪನಿಗಳ ದೃಢೀಕರಣ ==

ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂ ನಡೆಸುವ ಮೆಟಾ ಕಂಪನಿಯು ಭಾರತದಲ್ಲಿ 2019ರ ಫೆಬ್ರವರಿಯಿಂದ ರಾಜಕೀಯ ಜಾಹೀರಾತುದಾರರ ದೃಢೀಕರಣವನ್ನು ಕಡ್ಡಾಯಗೊಳಿಸಿತು. ಜಾಹೀರಾತನ್ನು ರೂಪಿಸುವ ಅಥವಾ ತಿದ್ದುವ ವ್ಯಕ್ತಿಯು ಎರಡು ಹಂತದ ಲಾಗಿನ್ ಭದ್ರತೆ, ಗುರುತಿನ ಚೀಟಿ ಮತ್ತು ಭಾರತದಲ್ಲಿಯೇ ಇರುವಿಕೆಯನ್ನು ತೋರಿಸಬೇಕು. ಸಂಸ್ಥೆಯ ಮಾಲೀಕನು ದೃಢೀಕರಣ ಪಡೆದಿದ್ದರೂ ಜಾಹೀರಾತು ಹಾಕುವ ನೌಕರನು ಪಡೆಯದಿದ್ದರೆ ಕೆಲಸ ನಿಲ್ಲುತ್ತದೆ.

ಮುಂದಿನ ಹಂತವು ಪ್ರಕಟಣಾ ಘೋಷಣೆ. ಜಾಹೀರಾತಿನ ಮೇಲ್ಭಾಗದಲ್ಲಿ “Paid for by” ಎಂಬ ಪದಗಳೊಂದಿಗೆ ಹಣ ಕೊಟ್ಟವರ ಹೆಸರು ಕಾಣುತ್ತದೆ. ಇಲ್ಲಿ ಬರಬೇಕಾದುದು ವೆಚ್ಚ ಭರಿಸುವ ಅಭ್ಯರ್ಥಿ, ಪಕ್ಷ ಅಥವಾ ಸಂಘದ ಹೆಸರು. ಸಂಸ್ಥೆಯು ತನ್ನ ಹೆಸರನ್ನೇ ಹಾಕಿಕೊಂಡರೆ ಓದುಗನಿಗೆ ನಿಜವಾದ ಪ್ರಾಯೋಜಕ ಯಾರೆಂದು ತಿಳಿಯುವುದಿಲ್ಲ. ಘೋಷಣೆಯಿಲ್ಲದೆ ಪ್ರಸಾರವಾದದ್ದು ಪತ್ತೆಯಾದರೆ ಕಂಪನಿಯು ಜಾಹೀರಾತನ್ನು ತೆಗೆದುಹಾಕುತ್ತದೆ. ಆದರೂ ಅದು ಕಂಪನಿಯ ಜಾಹೀರಾತು ಸಂಗ್ರಹದಲ್ಲಿ 7 ವರ್ಷ ಸಾರ್ವಜನಿಕರಿಗೆ ಕಾಣುತ್ತಿರುತ್ತದೆ.

ಗೂಗಲ್ ಕಂಪನಿಯ ಕ್ರಮ ಬೇರೆ. ಪಕ್ಷ, ಅಭ್ಯರ್ಥಿ ಅಥವಾ ಹಾಲಿ ಲೋಕಸಭೆ ಮತ್ತು ವಿಧಾನಸಭೆಯ ಸದಸ್ಯರನ್ನು ತೋರಿಸುವ ಜಾಹೀರಾತುಗಳಿಗೆ ಅದು ಜಾಹೀರಾತುದಾರನ ಗುರುತಿನ ಜೊತೆಗೆ ಪ್ರತಿ ಜಾಹೀರಾತಿನ ಪೂರ್ವ ಪ್ರಮಾಣಪತ್ರವನ್ನೂ ಕೇಳುತ್ತದೆ.

== ಸಾಮಾಜಿಕ ವಿಷಯದ ಜಾಹೀರಾತು ==

ಮೆಟಾ 2021ರ ಡಿಸೆಂಬರ್‌ನಲ್ಲಿ ಭಾರತದ ಸಾಮಾಜಿಕ ವಿಷಯಗಳ ಜಾಹೀರಾತುಗಳಿಗೂ ಇದೇ ದೃಢೀಕರಣವನ್ನು ಘೋಷಿಸಿತು. ಪರಿಸರ, ಆರ್ಥಿಕತೆ, ಆರೋಗ್ಯ, ಶಿಕ್ಷಣ, ನಾಗರಿಕ ಹಕ್ಕು, ಆಡಳಿತ ಮೊದಲಾದ 9 ವಿಷಯಗಳು ಇದರಲ್ಲಿವೆ. ಈ ನಿಯಮಕ್ಕೆ ಚುನಾವಣೆ ನಡೆಯುತ್ತಿರಬೇಕೆಂದಿಲ್ಲ.

ಇಳಕಲ್ ಸೀರೆಯ ಬೆಲೆ, ಬಣ್ಣ ಮತ್ತು ಅಂಗಡಿಯ ವಿಳಾಸ ತಿಳಿಸುವ ಜಾಹೀರಾತು ಕೇವಲ ವ್ಯಾಪಾರ. ಅದೇ ಅಂಗಡಿಯು ಕೈಮಗ್ಗದ ಕುರಿತ ಸರ್ಕಾರದ ನೀತಿ ಬದಲಾಗಬೇಕೆಂದು ಪ್ರಚಾರ ಮಾಡಿದರೆ ಅದು ಸಾಮಾಜಿಕ ವಿಷಯದತ್ತ ಸರಿಯುತ್ತದೆ. ಆಲಮಟ್ಟಿ ಹಿನ್ನೀರಿನಲ್ಲಿ ಭೂಮಿ ಕಳೆದುಕೊಂಡವರಿಗೆ ಹೆಚ್ಚಿನ ಪರಿಹಾರ ಕೋರುವ ಜಾಹೀರಾತಿನಲ್ಲಿ ಯಾವ ಅಭ್ಯರ್ಥಿಯ ಹೆಸರಿಲ್ಲದಿದ್ದರೂ ಮೆಟಾ ಅದಕ್ಕೆ ದೃಢೀಕರಣ ಕೇಳಬಹುದು. ಹೆಸರಿಲ್ಲದ ಇದೇ ಜಾಹೀರಾತು ಗೂಗಲ್‌ನ ಚುನಾವಣಾ ನಿಯಮದೊಳಗೆ ಬರುವುದಿಲ್ಲ.

== ಬಾಗಲಕೋಟೆಯ ಉದಾಹರಣೆ ==

ಬಾಗಲಕೋಟೆ ಲೋಕಸಭಾ ಕ್ಷೇತ್ರದಲ್ಲಿ 2024ರ ಮೇ 7ರಂದು ಮತದಾನ ನಡೆಯಿತು. ಮತದಾನ ಮುಗಿಯುವ ವೇಳೆ ಸಂಜೆ 6. ನವನಗರದ ಜಾಹೀರಾತು ಸಂಸ್ಥೆಯೊಂದು ಬೇವೂರಿನಲ್ಲಿ ಚಿತ್ರೀಕರಿಸಿದ ವಿಡಿಯೋವನ್ನು ಅಭ್ಯರ್ಥಿಯೊಬ್ಬರ ಪರವಾಗಿ ಏಪ್ರಿಲ್ 28ರಿಂದ ಫೇಸ್‌ಬುಕ್‌ನಲ್ಲಿ ಪ್ರಸಾರ ಮಾಡಲು ಉದ್ದೇಶಿಸಿತ್ತೆಂದು ಭಾವಿಸಬಹುದು.

ಮೊದಲು ಬೇಕಾದುದು ಅಭ್ಯರ್ಥಿಯ ಲಿಖಿತ ಅನುಮತಿ; ಅದಿಲ್ಲದೆ ಅವರ ಪರ ಚುನಾವಣಾ ವೆಚ್ಚ ಮಾಡುವುದು ಅಪರಾಧ. ಸಮಿತಿಗೆ ಅರ್ಜಿಯು ಏಪ್ರಿಲ್ 25ರೊಳಗೆ ಸೇರಬೇಕು. ನಿರ್ಮಾಣಕ್ಕೆ 60,000 ರೂಪಾಯಿ, ಪ್ರಸಾರಕ್ಕೆ 1,40,000 ರೂಪಾಯಿ ಆಗಿದ್ದರೆ ಅಭ್ಯರ್ಥಿಯ ಲೆಕ್ಕಕ್ಕೆ ಸೇರುವುದು ಪೂರ್ಣ 2,00,000 ರೂಪಾಯಿ. ಕಂಪನಿಗೆ ಕಟ್ಟಿದ ಹಣವನ್ನಷ್ಟೇ ತೋರಿಸಿ ಚಿತ್ರೀಕರಣ ಮತ್ತು ಸಿಬ್ಬಂದಿ ವೆಚ್ಚವನ್ನು ಬಿಡುವುದು ಸಾಮಾನ್ಯ ತಪ್ಪು. ಕರ್ನಾಟಕದಲ್ಲಿ ಲೋಕಸಭಾ ಅಭ್ಯರ್ಥಿಯ ವೆಚ್ಚದ ಮಿತಿ ಆಗ 95 ಲಕ್ಷ ರೂಪಾಯಿ ಇತ್ತು.

ಕಾಯ್ದೆಯ 126ನೇ ಕಲಮಿನಂತೆ ಮತದಾನ ಮುಗಿಯುವ ವೇಳೆಗೆ ಹಿಂದಿನ 48 ಗಂಟೆಗಳಲ್ಲಿ ವಿದ್ಯುನ್ಮಾನ ಪ್ರಚಾರ ನಿಷಿದ್ಧ. ಆದ್ದರಿಂದ ಈ ವಿಡಿಯೋ ಮೇ 5ರ ಸಂಜೆ 6ಕ್ಕೆ ನಿಲ್ಲಬೇಕಾಗಿತ್ತು. ಜಾಹೀರಾತು ಖಾತೆಯ ಕಾಲವಲಯವು ಭಾರತದ್ದಲ್ಲದಿದ್ದರೆ “ಸಂಜೆ 6” ಎಂದು ನಮೂದಿಸಿದರೂ ಅದು ಬೇರೆ ಹೊತ್ತಿಗೆ ನಿಲ್ಲುತ್ತದೆ. ಖಾತೆಯ ಸಿದ್ಧತೆಯಲ್ಲಿ ಇದನ್ನು ಮೊದಲೇ ನೋಡಿಕೊಳ್ಳಬೇಕು.

ಪತ್ರಿಕಾ ಜಾಹೀರಾತಿಗೆ ಲೆಕ್ಕ ಬೇರೆ. ಮತದಾನದ ದಿನ ಮತ್ತು ಅದರ ಹಿಂದಿನ ದಿನ, ಅಂದರೆ ಮೇ 6 ಮತ್ತು 7ರಂದು, ಅದನ್ನು ಪ್ರಕಟಿಸಬಹುದು. ಆದರೆ ಆ ಎರಡು ದಿನಗಳಿಗೆ ಮಾತ್ರ ಪೂರ್ವ ಪ್ರಮಾಣೀಕರಣ ಬೇಕು.

== ಮುದ್ರಿತ ಕರಪತ್ರ ==

ಇದೇ ಪ್ರಚಾರದ ಕರಪತ್ರವನ್ನು ಇಳಕಲ್ಲಿನ ಮುದ್ರಣಾಲಯದಲ್ಲಿ ಅಚ್ಚು ಹಾಕಿಸಿದರೆ 127ಎ ಕಲಮು ಅನ್ವಯಿಸುತ್ತದೆ. ಕರಪತ್ರದ ಮುಖದಲ್ಲಿ ಮುದ್ರಕ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಬೇಕು. ಪ್ರಕಾಶಕನು ತನ್ನನ್ನು ಬಲ್ಲ ಇಬ್ಬರು ದೃಢೀಕರಿಸಿದ ಘೋಷಣೆಯನ್ನು ಎರಡು ಪ್ರತಿಗಳಲ್ಲಿ ಮುದ್ರಕನಿಗೆ ಕೊಡಬೇಕು. ಮುದ್ರಕನು ಅದರ ಒಂದು ಪ್ರತಿಯನ್ನು ಕರಪತ್ರದೊಂದಿಗೆ ಜಿಲ್ಲಾ ದಂಡಾಧಿಕಾರಿಗೆ ಕಳುಹಿಸಬೇಕು. ಉಲ್ಲಂಘನೆಗೆ 6 ತಿಂಗಳವರೆಗೆ ಸೆರೆವಾಸ, 2,000 ರೂಪಾಯಿವರೆಗೆ ದಂಡ ಅಥವಾ ಎರಡೂ ಇವೆ. ಸಭೆಯ ದಿನಾಂಕ, ವೇಳೆ ಮತ್ತು ಸ್ಥಳವನ್ನಷ್ಟೇ ತಿಳಿಸುವ ಚೀಟಿಗೆ ಈ ನಿಯಮವಿಲ್ಲ.