ಅಂಗಡಿಯ ಕಟ್ಟೆಯ ಆಚೆಯಿಂದ ಕೇಳುವ ಹೆಸರು

ನಾನು ಚಿಕ್ಕವನಿದ್ದಾಗ ಕವಿತಾಳದಲ್ಲಿ ಯಾರೂ 'ಗ್ಲೂಕೋಸ್ ಬಿಸ್ಕತ್ತು' ಕೇಳಿದ್ದನ್ನು ನಾನು ಕೇಳಿಲ್ಲ. 'ಗುಲ್ಕೋಸ್ ಬಿಸ್ಕೀಟು ಕೊಡ್ರಿ' ಅನ್ನುತ್ತಿದ್ದರು. ಪದದ ಮೊದಲಿಗೇ ಬರುವ 'ಗ್ಲು' ಎಂಬ ಒತ್ತಕ್ಷರ ನಮ್ಮ ಬಾಯಿಗೆ ಒಗ್ಗುವುದಿಲ್ಲ. ಸ್ಕೂಲು 'ಇಸ್ಕೂಲು' ಆದ ಹಾಗೆ ಅದೂ ಬಿಡಿಸಿಕೊಂಡು 'ಗುಲ್' ಆಯಿತು. ಕೊಡುವವನಿಗೂ ಕೇಳುವವನಿಗೂ ಇದರಿಂದ ಏನೂ ತೊಂದರೆ ಇರಲಿಲ್ಲ. ಪಾಕೀಟಿನ ಮೇಲಿನ ಅಕ್ಷರವನ್ನು ಓದಿ ಬಿಸ್ಕತ್ತು ಕೊಳ್ಳುವವರು ಕಡಿಮೆ. ಬಾಯಿಂದ ಕಿವಿಗೆ ದಾಟಿದ ಹೆಸರೇ ಹೆಸರು.

ಇದನ್ನು ಮತ್ತೆ ನೆನಪಿಸಿದವಳು ನಮ್ಮ ಚಿಗವ್ವ. ಅವಳು ಮನೆಯಲ್ಲೇ ಪೇಪರ್ ಅವಲಕ್ಕಿಯ ಖಾರ ಚೂಡಾ ಮಾಡಿ, ಐದು ಮತ್ತು ಹತ್ತು ರೂಪಾಯಿಯ ಪಾಕೀಟು ಕಟ್ಟಿ, ಕವಿತಾಳದ ಅಂಗಡಿಗಳಿಗೆ ಕೊಡುತ್ತಿದ್ದಳು. ದೇವದುರ್ಗ, ಮಾನ್ವಿಗಳಿಗೂ ಹೋಗತೊಡಗಿ, ರಾಯಚೂರಿನ ಒಂದೆರಡು ಅಂಗಡಿಯವರು ಕೇಳಿದಾಗ ಪಾಕೀಟಿಗೆ ಒಂದು ಹೆಸರು ಬೇಕಾಯಿತು. 'ನೀ ಸಾಹಿತ್ಯ ಓದಿದವ, ಒಂದು ಹೆಸರು ಇಡೋ' ಅಂದಳು. ನಾನು ಹೆಮ್ಮೆಯಿಂದ 'ಸವಿರುಚಿಸಿರಿ' ಅಂತ ಇಟ್ಟೆ. ಒಂದು ತಿಂಗಳ ಮೇಲೆ ಅಂಗಡಿಗಳಲ್ಲಿ ವಿಚಾರಿಸಿದರೆ ಒಬ್ಬರ ಬಾಯಲ್ಲೂ ಆ ಹೆಸರಿಲ್ಲ. 'ಆ ಹಳದಿ ಪಾಕೀಟು', 'ಕವಿತಾಳದ ಚೂಡಾ', ಇಲ್ಲವಾದರೆ ಬರೀ ಬೆರಳು ತೋರಿಸುವುದು. ಹೆಸರು ಸೋತಿದೆ ಎಂದು ತಿಳಿಯಲು ಇದಕ್ಕಿಂತ ಬೇರೆ ಪರೀಕ್ಷೆ ಬೇಡ. ಬೆರಳು ತೋರಿಸಿ ಕೊಳ್ಳುವ ಪದಾರ್ಥವನ್ನು, ಅದರ ಪಕ್ಕಕ್ಕೆ ಇನ್ನೊಂದು ಹಳದಿ ಪಾಕೀಟು ತೂಗುಹಾಕಿದ ದಿನ, ಯಾರೂ ಹುಡುಕುವುದಿಲ್ಲ.

ಆಮೇಲೆ ನಾನು ತಿಂಡಿಯ ಹೆಸರುಗಳ ಚರಿತ್ರೆ ಹುಡುಕಲು ಕುಳಿತೆ. ಅದರ ಒಳ್ಳೆಯ ಭಾಗ ಸಿಕ್ಕಿದ್ದು ಜಾಹೀರಾತಿನವರ ಪುಸ್ತಕಗಳಲ್ಲಲ್ಲ, ಸುಪ್ರೀಂ ಕೋರ್ಟಿನ ತೀರ್ಪುಗಳಲ್ಲಿ.

1959ರ ಅಕ್ಟೋಬರಿನಲ್ಲಿ ತೀರ್ಮಾನವಾದ ಮೊಕದ್ದಮೆಯೊಂದು ಒಂದೇ ಒಂದು ಅಕ್ಷರದ್ದು. ಕಾರ್ನ್ ಪ್ರಾಡಕ್ಟ್ಸ್ ಎಂಬ ಕಂಪನಿ 'ಗ್ಲುಕೋವಿಟಾ' ಎಂಬ ಹೆಸರಿನಲ್ಲಿ ಗ್ಲೂಕೋಸ್ ಪುಡಿ ಮಾರುತ್ತಿತ್ತು. ಶಾಂಗ್ರಿಲಾ ಎಂಬ ಇನ್ನೊಂದು ಕಂಪನಿ ತನ್ನ ಬಿಸ್ಕತ್ತಿಗೆ 'ಗ್ಲುವಿಟಾ' ಎಂಬ ಹೆಸರನ್ನು ನೋಂದಾಯಿಸಲು ಹೊರಟಿತು. ನಡುವಿನ 'ಕೋ' ಒಂದಿಲ್ಲ, ಅಷ್ಟೇ. ನಮ್ಮ ಛಂದಸ್ಸಿನ ಲೆಕ್ಕ ಹಾಕಿದರೆ ಇದು ಸಣ್ಣ ವ್ಯತ್ಯಾಸವಲ್ಲ. ಗ್ಲುಕೋವಿಟಾ ಆರು ಮಾತ್ರೆ, ಗ್ಲುವಿಟಾ ನಾಲ್ಕು. ಬಿದ್ದುಹೋಗಿರುವುದು ಒಂದು ಗುರು, ಅಂದರೆ ಹೆಸರಿನ ಮೂರನೆಯ ಒಂದು ಪಾಲು. ಷಟ್ಪದಿಯಲ್ಲಿ ಇಷ್ಟು ಬಿಟ್ಟರೆ ಯಾರಿಗಾದರೂ ಮುಗ್ಗರಿಸಿದ ಹಾಗಾಗುತ್ತದೆ. ಆದರೂ ನ್ಯಾಯಾಲಯ ಎರಡೂ ಒಂದೇ ಬಗೆಯ ಹೆಸರು ಎಂದಿತು. ಇಲ್ಲಿನ ಬಹುಪಾಲು ಜನರಿಗೆ ಇಂಗ್ಲಿಷ್ ಪರಭಾಷೆ, ಇಂಥ ಹೆಸರಿನಿಂದ ಆ ಒಂದು ಉಚ್ಚಾರಾಂಶ ಬಿಟ್ಟರೆ ಕೊಳ್ಳುವವನು ಎರಡನ್ನೂ ಬೇರೆ ಮಾಡಲಾರ ಎಂಬುದು ಅದರ ನಿಲುವು.

ಮೊದಲು ಓದಿದಾಗ ನನಗೆ ಒಪ್ಪಿಗೆಯಾಗಲಿಲ್ಲ. ಆಮೇಲೆ ಯೋಚಿಸಿದೆ. ಛಂದಸ್ಸು ಸಾಲನ್ನು ಎದುರಿಗೆ ಇಟ್ಟುಕೊಂಡು ಎಣಿಸುತ್ತದೆ. ಅಂಗಡಿಗೆ ಬಂದವನ ಎದುರಿಗೆ ಎರಡು ಹೆಸರು ಇರುವುದಿಲ್ಲ. ಒಂದನ್ನು ಕಳೆದ ವಾರ ಕೇಳಿದ್ದಾನೆ, ಅರ್ಧ ಮರೆತಿದ್ದಾನೆ. ಇನ್ನೊಂದನ್ನು ಈಗ ಕೇಳುತ್ತಿದ್ದಾನೆ. ಮರೆವಿಗೆ ಮೊದಲು ಸಿಗುವುದು ನಡುವಿನ ಅಕ್ಷರ. ಶುರು ಮತ್ತು ಕೊನೆ ಉಳಿಯುತ್ತವೆ. 'ಸವಿರುಚಿಸಿರಿ' ಏಕೆ ಸೋತಿತು ಎಂಬುದು ಇಲ್ಲಿ ತಿಳಿಯಿತು. ಆರು ಲಘು, ಅದರಲ್ಲಿ ಎರಡು 'ಸ', ಎರಡು 'ರ'. ಹಿಡಿದುಕೊಳ್ಳಲು ಎಲ್ಲೂ ಒಂದು ಗಂಟಿಲ್ಲ.

ಮೂರು ವರ್ಷದ ನಂತರ, 1962ರಲ್ಲಿ, ಇನ್ನೊಂದು ತೀರ್ಪು ಬಂತು. ಅದು ತಿಂಡಿಯದಲ್ಲ, ಔಷಧದ್ದು. ಆದರೆ ನಮಗೆ ಇನ್ನೂ ಹತ್ತಿರದ್ದು. 'ಅಮೃತಧಾರಾ' ಎಂಬ ಹಳೆಯ ಹೆಸರಿನ ಎದುರು 'ಲಕ್ಷ್ಮಣಧಾರಾ' ನಿಂತಿತ್ತು. ಅಲಹಾಬಾದಿನ ಹೈಕೋರ್ಟು ಪದಗಳನ್ನು ಬಿಡಿಸಿ ನೋಡಿತ್ತು. ಒಂದು ಅಮೃತದ ಧಾರೆ, ಇನ್ನೊಂದು ಲಕ್ಷ್ಮಣನ ಧಾರೆ, ಅರ್ಥವೇ ಬೇರೆ, ಗೊಂದಲ ಎಲ್ಲಿ ಎಂದಿತ್ತು. ವ್ಯಾಕರಣದ ಮೇಷ್ಟ್ರು ಆಡುವ ಮಾತಿನಂತೆ ಅದು ಸರಿಯೇ. ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಕೊಳ್ಳುವವರು ಹಳ್ಳಿಯವರೂ ಇದ್ದಾರೆ, ಪಟ್ಟಣದವರೂ ಇದ್ದಾರೆ, ಓದಿದವರೂ ಓದದವರೂ ಇದ್ದಾರೆ. ಅವರು ಸಮಾಸ ಬಿಡಿಸಿ ಅರ್ಥ ಹುಡುಕುವುದಿಲ್ಲ, ಒಟ್ಟು ನಾದವನ್ನು ಅರೆನೆನಪಿನಲ್ಲಿ ಇಟ್ಟುಕೊಂಡು ಬರುತ್ತಾರೆ. ಸಾಹಿತ್ಯ ಓದಿದ ನನ್ನಂಥವರು ಹೆಸರಿಡುವಾಗ ಮಾಡುವ ತಪ್ಪನ್ನು ಇದಕ್ಕಿಂತ ಸರಿಯಾಗಿ ಯಾರೂ ಹೇಳಿಲ್ಲ. ನಾವು ಅರ್ಥ ಕೂಡಿಸುತ್ತೇವೆ, ಅವರು ನಾದ ಒಯ್ಯುತ್ತಾರೆ.

ಮೂರನೆಯದು ನಮ್ಮದೇ ರಾಜ್ಯದ್ದು. ಪಾರ್ಲೆಯವರ ಗ್ಲುಕೋ ಬಿಸ್ಕತ್ತಿನ ಹೊದಿಕೆಯ ಮೇಲೆ ಒಂದು ಹೊಲಮನೆಯ ಚಿತ್ರ. ನಡುವೆ ಹುಡುಗಿ, ಸುತ್ತ ಹಸು, ಕೋಳಿ. ಮೈಸೂರಿನ ಜೆ.ಪಿ. ಅಂಡ್ ಕಂಪನಿ ಮಾರುತ್ತಿದ್ದ ಗ್ಲೂಕೋಸ್ ಬಿಸ್ಕತ್ತಿನ ಹೊದಿಕೆಯಲ್ಲೂ ಹುಡುಗಿ, ಹಸು, ಕೋಳಿ. ಆ ಹುಡುಗಿಯ ತಲೆಯ ಮೇಲೆ ಮಾತ್ರ ಹುಲ್ಲಿನ ಹೊರೆ. ಕೆಳಗಿನ ನ್ಯಾಯಾಲಯವೂ ಮೈಸೂರು ಹೈಕೋರ್ಟೂ ವ್ಯತ್ಯಾಸಗಳನ್ನು ಎಣಿಸಿ ಪಾರ್ಲೆಯ ದಾವೆಯನ್ನು ತಳ್ಳಿಹಾಕಿದವು. 1972ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಿರುಗಿಸಿತು. ಎರಡನ್ನೂ ಪಕ್ಕಪಕ್ಕ ಇಟ್ಟು ಭೇದ ಎಣಿಸುವುದು ಸರಿಯಾದ ದಾರಿಯಲ್ಲ, ಸಾಮಾನ್ಯ ಗಿರಾಕಿ ಷರ್ಲಾಕ್ ಹೋಮ್ಸ್ ಅಲ್ಲ ಎಂದಿತು.

ಗೆದ್ದರೂ ಪಾರ್ಲೆಯ ಕಷ್ಟ ಪೂರ್ತಿ ಮುಗಿಯಲಿಲ್ಲ. ಚಿತ್ರವನ್ನು ಕಾಯಬಹುದು. 'ಗ್ಲೂಕೋಸ್' ಎಂಬ ಪದವನ್ನು ಕಾಯುವುದು ಹೇಗೆ? ಅದು ಪದಾರ್ಥದ ಹೆಸರು, ಎಲ್ಲರದ್ದು. ಗುಲ್ಕೋಸ್ ಬಿಸ್ಕೀಟು ಕೇಳಿದವನಿಗೆ ಅಂಗಡಿಯವನು ಯಾವುದನ್ನಾದರೂ ಕೊಡಬಹುದಿತ್ತು. 1980ರ ದಶಕದ ಆರಂಭದಲ್ಲಿ ಆ ಬಿಸ್ಕತ್ತು 'ಪಾರ್ಲೆ-ಜಿ' ಆಯಿತು. ಗ್ಲೂಕೋಸಿನಲ್ಲಿ ಒಂದು 'ಜಿ' ಮಾತ್ರ ಉಳಿಯಿತು. ಪಾರ್, ಲೇ, ಜೀ: ನಾವು ಅನ್ನುವ ಹಾಗೆ ಮೂರೂ ಗುರು, ಮಂಚದ ಕಾಲಿನಂತೆ ನೆಟ್ಟಗೆ. ಮೊದಲಿಗೆ ಒತ್ತಕ್ಷರವಿಲ್ಲ, ಕೊನೆಗೆ ಸ್ವರವಿದೆ. ಕನ್ನಡ, ತೆಲುಗು ಮಾತಾಡುವವರು ವ್ಯಂಜನದಲ್ಲಿ ಮುಗಿಯುವ ಪರಪದಕ್ಕೆ ಒಂದು ಉಕಾರ ಅಂಟಿಸಿಯೇ ತೀರುತ್ತಾರೆ. ಬಸ್ಸು, ಕಾರು, ಲೇಸು. (ಲೇಸ್ ಚಿಪ್ಸು ನಮ್ಮೂರಿನಲ್ಲಿ 'ಲೇಸು' ಆಗಿ, ವಚನಕಾರರು ಒಳ್ಳೆಯದಕ್ಕೆ ಬಳಸಿದ ಪದವೇ ಆಗಿಬಿಟ್ಟಿದೆ. ಕಂಪನಿಯವರಿಗೆ ಇದು ಗೊತ್ತೋ ಇಲ್ಲವೋ.) ಮೊದಲೇ ಸ್ವರದಲ್ಲಿ ಮುಗಿಯುವ ಹೆಸರು ಹಳ್ಳಿಯಲ್ಲೂ ಪಟ್ಟಣದಲ್ಲೂ ಒಂದೇ ಆಕಾರದಲ್ಲಿ ಉಳಿಯುತ್ತದೆ.

1999ರಲ್ಲಿ ಬಂದ 'ಕುರ್ಕುರೆ' ಇನ್ನೊಂದು ದಾರಿ ಹಿಡಿಯಿತು. ಹಿಂದಿಯಲ್ಲಿ ಅದು ಗರಿಗರಿಯಾದದ್ದು ಎಂಬ ವಿಶೇಷಣ. ಆದರೆ ಕವಿತಾಳದ ಮಗುವಿಗೆ ಹಿಂದಿ ಬೇಕಾಗಲಿಲ್ಲ. 'ಕುರುಕು' ನಮ್ಮ ಕ್ರಿಯಾಪದ, 'ಕುರುಕಲು ತಿಂಡಿ' ನಮ್ಮ ಮನೆಮಾತು. ಪಟಪಟ, ಗರಿಗರಿ, ಕುರುಕುರು ಎಂಬ ಅನುಕರಣ ಪದಗಳಲ್ಲಿ ಒಂದೇ ತುಂಡು ಎರಡು ಸಲ ಬರುವುದರಿಂದ ಅರ್ಧ ನೆನಪಿದ್ದರೂ ಸಾಕು, ಉಳಿದರ್ಧ ತಾನೇ ಬರುತ್ತದೆ.

ಇದನ್ನೆಲ್ಲ ಚಿಗವ್ವನಿಗೆ ಹೇಳಿದೆ. ಅವಳು ತಕ್ಷಣ 'ಹಂಗಾದ್ರ ಗರಿಗರಿ ಅಂತ ಇಡು' ಅಂದಳು. ಅಲ್ಲೊಂದು ಬೇಲಿ ಇದೆ. 1999ರ ವ್ಯಾಪಾರ ಚಿಹ್ನೆಗಳ ಕಾಯ್ದೆಯ 9ನೆಯ ಕಲಮಿನ ಪ್ರಕಾರ, ಪದಾರ್ಥದ ಗುಣವನ್ನೇ ಹೇಳುವ ಹೆಸರನ್ನು ನೋಂದಾಯಿಸುವುದಿಲ್ಲ. ಬಳಸಿ ಬಳಸಿ ಜನ ಅದನ್ನು ಒಬ್ಬರದೇ ಮಾಲು ಎಂದು ಗುರುತಿಸುವಂತಾಗಿದ್ದರೆ ಮಾತ್ರ ವಿನಾಯಿತಿ. ಅಂಥ ಗುರುತು ಗಳಿಸಲು ವರ್ಷಗಟ್ಟಲೆ ಟೀವಿ ಜಾಹೀರಾತು ಕೊಡುವ ದುಡ್ಡು ಬೇಕು. ಅದು ಚಿಗವ್ವನ ಹತ್ತಿರ ಇಲ್ಲ. 'ಕುರುಕುರು' ಅಂತೂ ಆಗುವ ಮಾತೇ ಅಲ್ಲ, ಅದು ಗ್ಲುವಿಟಾದ ದಾರಿ.

ನಾನು 'ಬುತ್ತಿ' ಅಂದೆ. ಎರಡೇ ಅಕ್ಷರ, ನಡುವೆ ಒತ್ತಿನ ಗಂಟು, ಕೊನೆಗೆ ಸ್ವರ, ಹೊಲಕ್ಕೆ ಒಯ್ಯುವ ಊಟದ ನೆನಪು. ಈ ಸಲ ಅಚ್ಚು ಹಾಕಿಸುವ ಮೊದಲು ಬಸ್ ನಿಲ್ದಾಣದ ಹತ್ತಿರದ ಅಂಗಡಿಯಲ್ಲಿ ಒಂದು ವಾರ ಬಾಯಿಮಾತಿನಲ್ಲೇ ನಡೆಸಿ ನೋಡಿದೆವು. ಮೂರನೆಯ ದಿನ ಒಬ್ಬ ಹುಡುಗ ಬಸ್ಸಿನ ಸದ್ದಿನ ನಡುವೆ ಬುತ್ತಿ ಕೇಳಿದ. ಅಂಗಡಿಯವರು ದೀಪದ ಬತ್ತಿ ಕೊಟ್ಟರು. ಅದೇ ಅಂಗಡಿಯಲ್ಲಿ ಊದುಬತ್ತಿಯೂ ಇದೆ, ಮೇಣದಬತ್ತಿಯೂ ಇದೆ. ಸಣ್ಣ ಹೆಸರಿನ ಅಪಾಯ ಇದೇ. ಎರಡಕ್ಷರದಲ್ಲಿ ಒಂದು ಸ್ವರ ಕೆಟ್ಟರೆ ಸಾಕು, ಕಪಾಟಿನ ಇನ್ನೊಂದು ಸಾಮಾನು ಎದ್ದು ಬರುತ್ತದೆ.

'ಗುಬ್ಬಿ' ಅಂತ ಇಟ್ಟರೆ ಚಿತ್ರವೂ ಸಿಗುತ್ತದೆ, ಓದು ಬಾರದವರೂ ಗುರುತಿಸುತ್ತಾರೆ ಅಂದುಕೊಂಡೆವು. ನಮ್ಮ ಕಡೆ ತೆಲುಗು ಮಾತಾಡುವ ಮನೆಗಳು ಬಹಳ. ಪಕ್ಕದ ಮನೆಯ ತೆಲುಗಿನ ಹೆಣ್ಣುಮಗಳೊಬ್ಬಳು ಬಾಯಿಗೆ ಸೆರಗು ಹಿಡಿದು ನಕ್ಕಳು. ಕೊನೆಯ ಸ್ವರ ತಪ್ಪಿದರೆ ಅವರ ಮಾತಿನಲ್ಲಿ ಅಂಗಡಿಯ ಮುಂದೆ ನಿಂತು ಹೇಳಲಾಗದ ಪದವಾಗುತ್ತದಂತೆ. ಅದನ್ನೂ ಬಿಟ್ಟೆವು.

ಕೊನೆಗೆ ಚಿಗವ್ವನೇ 'ಗಿಣಿ' ಅಂದಳು. ನಾನು ಶಿಷ್ಟ ಕನ್ನಡದಲ್ಲಿ 'ಗಿಳಿ' ಎಂದು ತಿದ್ದಹೋದೆ. 'ನಮ್ಮೂರಾಗ ಯಾರಂತಾರ ಗಿಳಿ?' ಅಂದಳು. ಸರಿಯೇ. ದಖನಿ ಮಾತಾಡುವ ಮುಸ್ಲಿಮರ ಮನೆಯ ಮಕ್ಕಳು ಅದನ್ನು 'ಗಿನಿ' ಅನ್ನುತ್ತಾರೆ, ಅಷ್ಟಕ್ಕೆ ಏನೂ ಕೆಡುವುದಿಲ್ಲ. ತೆಲುಗಿನವರಿಗೆ ಬಹಳವೆಂದರೆ ಗಿನ್ನೆ, ಅಂದರೆ ಬಟ್ಟಲು, ನೆನಪಾದೀತು. ಗಿಣಿಗೂ ಚೂಡಾಕ್ಕೂ ಯಾವ ಸಂಬಂಧವೂ ಇಲ್ಲವಾದ್ದರಿಂದ 9ನೆಯ ಕಲಮಿನ ಭಯವೂ ಇಲ್ಲ. ಒಂದು ವಾರ ಬಾಯಿಮಾತಿನಲ್ಲಿ ನಡೆಸಿದೆವು. ಯಾರೂ ಬೆರಳು ತೋರಿಸಲಿಲ್ಲ.

ಇನ್ನು ಉಳಿದದ್ದು ನೋಂದಣಿ. ಚಿಹ್ನೆಗಳ ಇಲಾಖೆಯ ಜಾಲತಾಣದಲ್ಲಿ ಯಾರು ಬೇಕಾದರೂ ದುಡ್ಡು ಕೊಡದೆ ಹುಡುಕಬಹುದು. ಅಕ್ಷರ ನೋಡಿ ಹುಡುಕುವುದಲ್ಲದೆ, ಉಚ್ಚಾರ ಹೋಲುವ ಹೆಸರುಗಳನ್ನು ಹುಡುಕುವ ಒಂದು ಆಯ್ಕೆಯೂ ಅಲ್ಲಿದೆ. ಗ್ಲುಕೋವಿಟಾದ ಕಿವಿ ಈಗ ಯಂತ್ರದೊಳಗೆ ಕೂತಿದೆ ಅನ್ನಬಹುದು. ಅವಲಕ್ಕಿಯಂಥ ಧಾನ್ಯದ ತಿಂಡಿಗಳು 30ನೆಯ ವರ್ಗದಲ್ಲಿ ಬರುತ್ತವೆ. ಚಿಗವ್ವನಂಥ ಒಬ್ಬಂಟಿ ಅರ್ಜಿದಾರರು ಆನ್‌ಲೈನಿನಲ್ಲಿ ಹಾಕಿದರೆ ಶುಲ್ಕ 4,500 ರೂಪಾಯಿ. ಹತ್ತು ರೂಪಾಯಿಯ ಪಾಕೀಟಿನ ಲೆಕ್ಕದಲ್ಲಿ ಅದು 450 ಪಾಕೀಟಿನ ಪೂರ್ತಿ ದುಡ್ಡು, ಲಾಭವಲ್ಲ. ಗಿಣಿ, ಗಿಳಿ, ಗಿನಿ ಮೂರನ್ನೂ ಉಚ್ಚಾರದ ಆಯ್ಕೆಯಲ್ಲಿ ಹಾಕಿ, ಬಂದ ಪಟ್ಟಿಯನ್ನು ಒಂದೊಂದೇ ತೆರೆದು ನೋಡುತ್ತಾ ಕೂತಿದ್ದೇನೆ. ಚಿಗವ್ವ ಅಡುಗೆಮನೆಯಿಂದ ಎರಡು ಸಲ ಕೇಳಿದಳು, 'ಸಿಕ್ತೇನೋ?' ಅಂತ. ಇನ್ನೂ ಎರಡು ಪುಟ ಇದೆ.