ಲ್ಯಾಪ್‌ಟಾಪ್ ಬ್ಯಾಗ್
ಲ್ಯಾಪ್‌ಟಾಪನ್ನು ದಿನವೂ ಹೊತ್ತೊಯ್ಯಲು ಬಳಸುವ ಮೆತ್ತೆಯುಳ್ಳ ಚೀಲ. ಕೊಳ್ಳುವಾಗ ಮೊದಲು ನೋಡಬೇಕಾದದ್ದು ತಳ. ಲ್ಯಾಪ್‌ಟಾಪಿನ ಖಾನೆ ಚೀಲದ ತಳಕ್ಕಿಂತ ಒಂದೆರಡು ಸೆಂಟಿಮೀಟರ್ ಮೇಲೆಯೇ ಮುಗಿದಿರಬೇಕು. ಇಲ್ಲದಿದ್ದರೆ ಬಸ್ಸಿನಲ್ಲಿ ಚೀಲವನ್ನು ದೊಪ್ಪೆಂದು ಕೆಳಗಿಟ್ಟಾಗ ಪೆಟ್ಟು ನೇರವಾಗಿ ಯಂತ್ರದ ಅಂಚಿಗೆ ಬೀಳುತ್ತದೆ. ಖಾನೆಯೊಳಗೆ ಒಂದು ಕೈ ಇಳಿಸಿ, ಇನ್ನೊಂದರಿಂದ ಹೊರಗಿನ ತಳವನ್ನು ಒತ್ತಿದರೆ ಈ ಅಂತರ ಗೊತ್ತಾಗುತ್ತದೆ. ಖಾನೆ ಬೆನ್ನಿನ ಬದಿಗೇ ಇದೆಯೇ ಎಂದೂ ನೋಡಬೇಕು; ಭಾರವಾದ ಯಂತ್ರ ಬೆನ್ನಿಗೆ ಅಂಟಿಕೊಂಡಷ್ಟೂ ಹೆಗಲಿನ ಎಳೆತ ಕಡಿಮೆ.

ಬಟ್ಟೆಗೆ ಜಲನಿರೋಧಕ ಲೇಪವಿದ್ದರೂ ಮಳೆನೀರು ಜಿಪ್ಪಿನ ಹಲ್ಲು ಮತ್ತು ಹೊಲಿಗೆಯ ತೂತುಗಳಿಂದ ನುಸುಳುತ್ತದೆ. ಹಾಗಾಗಿ ಬೈಕ್ ಸವಾರರಿಗೆ ಪ್ರತ್ಯೇಕ ರೇನ್‌ಕವರ್ ಬೇಕೇ ಬೇಕು; ಅದೂ ಬೆನ್ನಿನ ಬದಿಯನ್ನು ಮುಚ್ಚುವುದಿಲ್ಲ. ಎಳೆದ ಮೇಲೂ ಜಿಪ್ಪು ಹಿಂದಿನಿಂದ ಬಾಯಿಬಿಟ್ಟರೆ ಸಾಮಾನ್ಯವಾಗಿ ಸವೆದಿರುವುದು ಹಲ್ಲಲ್ಲ, ರನ್ನರ್. ಚೀಲ ರಿಪೇರಿಯವರು ಅದೊಂದನ್ನೇ ಬದಲಿಸಿಕೊಡುತ್ತಾರೆ.